ವೇತನ ಪರಿಷ್ಕರಣೆ ಪತ್ರ, 2026–27

ದಾವಣಗೆರೆ
6 ಮೇ 2026

ಗೆ,
ಶ್ರೀಮತಿ ಶೋಭಾ
ಹಿರಿಯ ಮೇಲ್ವಿಚಾರಕರು, ಗುಣಮಟ್ಟ ವಿಭಾಗ
ಪಶು ಆಹಾರ ಘಟಕ

ವಿಷಯ: 1 ಏಪ್ರಿಲ್ 2026ರಿಂದ ಅನ್ವಯವಾಗುವ ವೇತನ

ಮಾನ್ಯರೇ,

ನಿಮ್ಮ ಮಾಸಿಕ ಒಟ್ಟು ವೇತನ ₹32,000ದಿಂದ ₹33,440ಕ್ಕೆ ಏರಿದೆ. ಹೆಚ್ಚಳ ₹1,440, ಅಂದರೆ ಶೇ 4.5. ನಿಮ್ಮ ಕೆಲಸಕ್ಕೆ ಇದು ಸಾಲದು ಎಂಬುದು ನಮಗೂ ಗೊತ್ತಿದೆ.

ಮೌಲ್ಯಮಾಪನದಲ್ಲಿ ನಿಮ್ಮದು ಅತ್ಯುತ್ತಮ ಶ್ರೇಣಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ಲಾರಿಯ ಮೇಲಿನ ಚೀಲಗಳಿಂದಷ್ಟೇ ಮಾದರಿ ತೆಗೆಯುವ ಹಳೇ ರೂಢಿಯನ್ನು ನೀವು ನಿಲ್ಲಿಸಿದಿರಿ. ನಡುವಿನ ಮತ್ತು ತಳದ ಚೀಲಗಳಿಗೂ ಕೊಳವೆ ಚುಚ್ಚಿ ತೇವಾಂಶ ನೋಡಿದ್ದರಿಂದ, ಶೇ 14 ಮೀರಿದ ಮಾಲು ಗೋದಾಮಿಗೆ ಇಳಿಯುವ ಮೊದಲೇ ಡ್ರೈಯರ್‌ಗೆ ಹೋಯಿತು. ಹಸಿ ಮಾಲು ಒಳಗೆ ಸೇರಿದ್ದರೆ ಕಾವು ಏರಿ ಬೂಷ್ಟು ಹಿಡಿದು ಪಕ್ಕದ ಒಣ ಚೀಲಗಳನ್ನೂ ಕೆಡಿಸುತ್ತಿತ್ತು. ಪ್ರತಿ ಸೋಮವಾರ ತೇವಾಂಶ ಮೀಟರನ್ನು ಓವನ್ ಪರೀಕ್ಷೆಯೊಂದಿಗೆ ತಾಳೆ ನೋಡುವ ಕ್ರಮವೂ ನಿಮ್ಮದೇ. ಮಾರಾಟಗಾರರ ತಕರಾರು ಇಳಿದದ್ದು ಅದರಿಂದ.

ಈ ವರ್ಷ ಹೊಸ ಡ್ರೈಯರ್‌ನ ಸಾಲದ ಕಂತು ಶುರುವಾಗಿದೆ, ಕೋಳಿ ಫಾರಂಗಳಿಂದ ಬರಬೇಕಾದ ಬಾಕಿ ನಿಧಾನವಾಗಿದೆ. ಹಾಗಾಗಿ ವೇತನ ಹೆಚ್ಚಳಕ್ಕೆ ಒಟ್ಟು ವೇತನ ವೆಚ್ಚದ ಶೇ 3.5ರಷ್ಟನ್ನು ಮಾತ್ರ ಮೀಸಲಿಡಲಾಗಿದೆ. ಅತ್ಯುತ್ತಮ ಶ್ರೇಣಿಗೆ ಶೇ 4.5, ಉಳಿದವರಿಗೆ ಶೇ 3. ಅದಕ್ಕಿಂತ ಹೆಚ್ಚು ಯಾರಿಗೂ ಕೊಟ್ಟಿಲ್ಲ. ಹುದ್ದೆಗೆ ದೊಡ್ಡ ಹೆಸರಿಟ್ಟು ಹಣದ ಮಾತು ಮರೆಸುವುದು ನಮಗೆ ಸರಿ ಕಾಣಲಿಲ್ಲ.

ಹೊಸ ವಿಂಗಡಣೆ: ಮೂಲ ವೇತನ ₹18,800 (ಹಿಂದೆ ₹18,000), ಮನೆ ಬಾಡಿಗೆ ಭತ್ಯೆ ₹7,520 (₹7,200), ವಿಶೇಷ ಭತ್ಯೆ ₹5,120 (₹4,800), ಸಾರಿಗೆ ಭತ್ಯೆ ಮೊದಲಿನಂತೆ ₹2,000. ಹೆಚ್ಚಳದ ಅರ್ಧಕ್ಕಿಂತ ಹೆಚ್ಚು ಭಾಗ ಮೂಲ ವೇತನಕ್ಕೆ ಸೇರಿರುವುದು ಉದ್ದೇಶಪೂರ್ವಕ: ಗ್ರಾಚುಯಿಟಿ ಲೆಕ್ಕಕ್ಕೆ ಅದು ಮುಂದೆ ನೆರವಾಗುತ್ತದೆ. ಪಿಎಫ್ ಕಡಿತವನ್ನು ₹15,000 ಮಿತಿಗಷ್ಟೇ ಲೆಕ್ಕ ಹಾಕುವುದರಿಂದ ಅದು ₹1,800ರಲ್ಲೇ ಉಳಿಯುತ್ತದೆ, ವೃತ್ತಿ ತೆರಿಗೆ ₹200. ಕೈಗೆ ಬರುವ ಮೊತ್ತ ₹30,000ದಿಂದ ₹31,440 ಆಗುತ್ತದೆ. ಏಪ್ರಿಲ್‌ನ ಬಾಕಿ ₹1,440 ಮೇ ಸಂಬಳದ ಜೊತೆ ಬರುತ್ತದೆ.

ಅಕ್ಟೋಬರ್‌ನಲ್ಲಿ ಅರ್ಧವಾರ್ಷಿಕ ಲೆಕ್ಕ ಕೈಸೇರಿದ ಮೇಲೆ ನಿಮ್ಮ ವೇತನವನ್ನು ಮತ್ತೆ ಪರಿಶೀಲಿಸುತ್ತೇವೆ. ಬಾಕಿ ವಸೂಲಿ ಸುಧಾರಿಸಿದ್ದರೆ ಮೊದಲ ಹೆಸರು ನಿಮ್ಮದು. ಇದು ಹೆಚ್ಚಳದ ಭರವಸೆಯಲ್ಲ, ಪರಿಶೀಲನೆಯ ಭರವಸೆ ಮಾತ್ರ. ಅಷ್ಟರೊಳಗೆ ಸುಗ್ಗಿಯ ಭಾನುವಾರಗಳಲ್ಲಿ ದುಡಿದದ್ದಕ್ಕೆ ಬದಲಾಗಿ 4 ದಿನ ವೇತನಸಹಿತ ರಜೆ ಮಂಜೂರಾಗಿದೆ. ಸೆಪ್ಟೆಂಬರ್ ಕೊನೆಯೊಳಗೆ ಬಳಸಿಕೊಳ್ಳಿ, ಆಮೇಲೆ ಲಾರಿಗಳ ಸಾಲು ಶುರುವಾಗುತ್ತದೆ.

ಒಪ್ಪಿಗೆಯಿದ್ದರೆ ಪ್ರತಿಯ ಮೇಲೆ ಸಹಿ ಮಾಡಿ 15 ಮೇ ಒಳಗೆ ಲೆಕ್ಕಪತ್ರ ವಿಭಾಗಕ್ಕೆ ಕೊಡಿ. ಆಕ್ಷೇಪವಿದ್ದರೆ ಸಹಿ ಮಾಡುವ ಮೊದಲೇ ನನ್ನ ಬಳಿ ಬಂದು ಮಾತನಾಡಿ.

ಇಂತಿ ತಮ್ಮ ವಿಶ್ವಾಸಿ,
ಆಡಳಿತ ವ್ಯವಸ್ಥಾಪಕರು