ಪೊಟರೆಯ ಸೀಳು: ದೊಡ್ಡ ಮಂಗಟ್ಟೆಯ ಕುರಿತ ಸಾಕ್ಷ್ಯಚಿತ್ರದ ನಿರೂಪಣೆ

ನಿರೂಪಕರಿಗೂ ಧ್ವನಿ ಸಂಕಲನಕಾರರಿಗೂ: ಚಿತ್ರದ ಅವಧಿ 24 ನಿಮಿಷ. ಅದರಲ್ಲಿ ಮಾತು 9 ನಿಮಿಷವನ್ನು ಮೀರಬಾರದು. ಮೌನ ಎಂದು ಬರೆದಿರುವ ಕಡೆ ಸ್ಥಳದಲ್ಲೇ ದಾಖಲಿಸಿದ ಕಾಡಿನ ಧ್ವನಿ ಮಾತ್ರ ಇರಬೇಕು. ಸಂಗೀತವನ್ನು ಎಲ್ಲಿಯೂ ಸೇರಿಸಿಲ್ಲ. ಪರದೆಯ ಮೇಲೆ ಕಾಣುವುದನ್ನು ಮಾತು ಮತ್ತೆ ಹೇಳುವುದಿಲ್ಲವಾದ್ದರಿಂದ, ಓದುವವರು ಚಿತ್ರಕ್ಕಿಂತ ಅರೆಗಳಿಗೆ ಹಿಂದೆಯೇ ಇದ್ದರೆ ಒಳ್ಳೆಯದು.

00:00
ಪರದೆ ಕಪ್ಪಾಗಿದೆ. ಎಲೆಯಿಂದ ಎಲೆಗೆ ಇಬ್ಬನಿ ತೊಟ್ಟಿಕ್ಕುತ್ತದೆ. ದೂರದಲ್ಲಿ ಕುಟ್ರು ಹಕ್ಕಿ, ಆಮೇಲೆ ಹತ್ತಿರದಲ್ಲಿ ಭೀಮರಾಜ. ನಿಧಾನವಾಗಿ ಮರಗಳ ತುದಿ ಕಾಣಿಸುತ್ತದೆ. ಮೌನ, 50 ಸೆಕೆಂಡು. ಎಡದಿಂದ ಬಲಕ್ಕೆ ರೆಕ್ಕೆಯ ಭಾರವಾದ ಸದ್ದು ಹಾದುಹೋಗುತ್ತದೆ, ಹಕ್ಕಿ ಕಾಣುವುದಿಲ್ಲ. ಸದ್ದು ಪೂರ್ತಿ ಅಡಗಿದ ಮೇಲೆಯೇ ಮಾತು ಆರಂಭವಾಗಬೇಕು.

ನಿರೂಪಣೆ: ಹಾದುಹೋದದ್ದು ಒಂದೇ ಹಕ್ಕಿ. ಬಹುತೇಕ ಹಕ್ಕಿಗಳಲ್ಲಿ ಹಾರುವ ಗರಿಗಳ ಬುಡವನ್ನು ರೆಕ್ಕೆಯ ಅಡಿಭಾಗದಿಂದ ಸಣ್ಣ ಗರಿಗಳು ಮುಚ್ಚಿರುತ್ತವೆ. ಮಂಗಟ್ಟೆಗಳಲ್ಲಿ ಆ ಹೊದಿಕೆ ಇಲ್ಲದ ಕಾರಣ ಪ್ರತಿ ಬಡಿತಕ್ಕೂ ಗಾಳಿ ಗರಿಗಳ ಸಂದಿನಲ್ಲಿ ನುಗ್ಗಿ ಸದ್ದು ಮಾಡುತ್ತದೆ. ದಟ್ಟ ಕಾಡಿನಲ್ಲಿ ಈ ಹಕ್ಕಿಯನ್ನು ಕಾಣುವುದಕ್ಕಿಂತ ಮೊದಲು ಕೇಳುತ್ತೇವೆ.

02:10
ಗೋಣಿ ಮರದ ಕೊಂಬೆಯ ಮೇಲೆ ಗಂಡು ಹಕ್ಕಿ. ಬೆಳಕು ಹಿಂದಿನಿಂದ ಬೀಳುತ್ತಿದೆ. 20 ಸೆಕೆಂಡು ಮಾತಿಲ್ಲ. ಕೊಕ್ಕನ್ನು ಕೊಂಬೆಗೆ ಒರೆಸುವ ಶಬ್ದ ಸ್ಪಷ್ಟವಾಗಿ ಕೇಳಬೇಕು.

ನಿರೂಪಣೆ: ದೊಡ್ಡ ಮಂಗಟ್ಟೆ. ಬಿಚ್ಚಿದ ರೆಕ್ಕೆಗಳ ಅಗಲ ಸುಮಾರು ಒಂದೂವರೆ ಮೀಟರ್. ಪಶ್ಚಿಮ ಘಟ್ಟದಲ್ಲಿ, ಹಿಮಾಲಯದ ತಪ್ಪಲಿನಲ್ಲಿ, ಅಲ್ಲಿಂದ ಪೂರ್ವಕ್ಕೆ ಸುಮಾತ್ರಾ ದ್ವೀಪದವರೆಗಿನ ಕಾಡುಗಳಲ್ಲಿ ಇದರ ವಾಸ. ಕೊಕ್ಕಿನ ಮೇಲಿನ ಶಿರಸ್ತ್ರಾಣ ನೋಡಲು ಭಾರವೆನಿಸಿದರೂ ಅದರ ಒಳಭಾಗ ಬಹುಮಟ್ಟಿಗೆ ಟೊಳ್ಳು. ಆದರೂ ಇಷ್ಟು ದೊಡ್ಡ ಕೊಕ್ಕನ್ನು ಹೊರಬೇಕಾದ ಕತ್ತಿನಲ್ಲಿ ಮೊದಲ ಎರಡು ಕಶೇರುಕಗಳು ಒಂದಾಗಿ ಬೆಸೆದುಕೊಂಡಿವೆ.

ಹಕ್ಕಿ ಬಾಲದ ಬುಡಕ್ಕೆ ಕೊಕ್ಕು ತಿರುಗಿಸಿ ಗರಿಗಳನ್ನು ತೀಡುತ್ತದೆ. 15 ಸೆಕೆಂಡು.

ನಿರೂಪಣೆ: ಕೊಕ್ಕಿಗೂ ಕತ್ತಿಗೂ ಹಳದಿ ಬಣ್ಣ ಬರುವುದು ಈ ಕೆಲಸದಿಂದ. ಬಾಲದ ಬುಡದ ಗ್ರಂಥಿಯಲ್ಲಿ ಒಸರುವ ಎಣ್ಣೆಯನ್ನು ಹಕ್ಕಿ ತಾನೇ ಮೈಗೆ ಹಚ್ಚಿಕೊಳ್ಳುತ್ತದೆ. ಕಣ್ಣು ಕೆಂಪಾಗಿದ್ದರೆ ಅದು ಗಂಡು. ಹೆಣ್ಣಿನ ಕಣ್ಣು ಬಿಳಿಚಿಕೊಂಡಿರುತ್ತದೆ.

04:30
ಗಂಡು ಹೆಣ್ಣು ಎರಡೂ ಕೂಗುತ್ತವೆ. ಗಡುಸಾದ ಕೂಗು ಒಂದರ ಮೇಲೊಂದು ಏರಿ ಕಣಿವೆಯಲ್ಲಿ ಮರುದನಿಗೊಳ್ಳುತ್ತದೆ. ಜೋಡಿಕೂಗು ಮುಗಿಯುವವರೆಗೆ, ಅಂದರೆ 1 ನಿಮಿಷ 10 ಸೆಕೆಂಡು, ಮಾತಿಲ್ಲ. ಇದು ಚಿತ್ರದಲ್ಲಿ ಒಮ್ಮೆ ಮಾತ್ರ ಬರುವ ಧ್ವನಿಯಾದ್ದರಿಂದ ಮಟ್ಟವನ್ನು ತಗ್ಗಿಸಬಾರದು.

05:45
ಭಾರಿ ಮರದ ಕಾಂಡದಲ್ಲಿ ಪೊಟರೆ. ಹೆಣ್ಣು ಒಳಗೆ ಇಣುಕುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಇಣುಕುತ್ತದೆ.

ನಿರೂಪಣೆ: ಮಂಗಟ್ಟೆಗೆ ಮರವನ್ನು ಕೊರೆಯುವ ಶಕ್ತಿ ಇಲ್ಲ. ಕೊಂಬೆ ಮುರಿದ ಜಾಗ ಕೊಳೆತು, ದಶಕಗಳ ಕಾಲ ಹಿಗ್ಗಿ, ದೊಡ್ಡ ಹಕ್ಕಿಯೊಂದು ತಿರುಗಾಡುವಷ್ಟು ಅಗಲವಾದ ಪೊಟರೆ ಇದಕ್ಕೆ ಬೇಕು. ಅಂಥ ಪೊಟರೆ ವಯಸ್ಸಾದ, ದಪ್ಪ ಕಾಂಡದ ಮರಗಳಲ್ಲಿ ಮಾತ್ರ ಸಿಗುತ್ತದೆ. ಸಿಕ್ಕ ಪೊಟರೆಗೆ ಜೇನುಹುಳುಗಳೂ ಉಡಗಳೂ ಬೇರೆ ಮಂಗಟ್ಟೆಗಳೂ ಪೈಪೋಟಿಗೆ ಬರುತ್ತವೆ.

ಹೆಣ್ಣು ಒಳಗೆ ಇಳಿಯುತ್ತದೆ. ಬಾಯಿಯ ಅಂಚಿಗೆ ಕೊಕ್ಕಿನ ಬದಿಯಿಂದ ಮೆತ್ತುವ ಪಟಪಟ ಸದ್ದು. ಮೌನ, 40 ಸೆಕೆಂಡು.

ನಿರೂಪಣೆ: ಪೊಟರೆಯ ಬಾಯಿಯನ್ನು ಹೆಣ್ಣು ಒಳಗಿನಿಂದಲೇ ಮುಚ್ಚುತ್ತದೆ. ತನ್ನದೇ ಹಿಕ್ಕೆ ಮತ್ತು ಆಹಾರದ ಚೂರುಗಳನ್ನು ಮೆತ್ತಿದ ಈ ಗೋಡೆ ಒಣಗಿದ ಮೇಲೆ ಗಾರೆಯಂತೆ ಗಟ್ಟಿಯಾಗುತ್ತದೆ. ಉಳಿಯುವುದು ಕೊಕ್ಕಿನ ತುದಿ ಹೊರಬರುವಷ್ಟು ಅಗಲದ ಒಂದು ಉದ್ದನೆಯ ಸೀಳು. ಇಲ್ಲಿಂದ ಮುಂದೆ ಅದಕ್ಕೆ ಬೇಕಾದ ಪ್ರತಿಯೊಂದು ತುತ್ತೂ ಈ ಸೀಳಿನ ಮೂಲಕವೇ ಬರಬೇಕು.

08:20
ಚಿತ್ರದ ಅತ್ಯಂತ ದೀರ್ಘ ಮೌನ ಇಲ್ಲಿದೆ: 2 ನಿಮಿಷ 30 ಸೆಕೆಂಡು. ಕ್ಯಾಮೆರಾ ಒಂದೇ ಕಡೆ ನಿಂತಿರುತ್ತದೆ. ರೆಕ್ಕೆಯ ಸದ್ದು ದೂರದಿಂದ ಬೆಳೆಯುತ್ತ ಬರುತ್ತದೆ. ಸೀಳಿನಲ್ಲಿ ಕೊಕ್ಕಿನ ತುದಿ ಕಾಣಿಸಿಕೊಳ್ಳುತ್ತದೆ, ಏಕೆಂದರೆ ಒಳಗಿದ್ದ ಹಕ್ಕಿಯೂ ಅದನ್ನು ಕೇಳಿದೆ. ಗಂಡು ಕಾಂಡಕ್ಕೆ ಉಗುರು ಊರಿ ಕೂರುತ್ತದೆ, ಕತ್ತು ಅಲುಗಿಸಿ ಗಂಟಲಿನಿಂದ ಒಂದು ಹಣ್ಣನ್ನು ಮೇಲಕ್ಕೆ ತರುತ್ತದೆ, ಕೊಡುತ್ತದೆ, ಮತ್ತೊಂದು, ಮಗದೊಂದು. ಒಂದು ಹಣ್ಣು ಜಾರಿ ಕೆಳಗಿನ ತರಗೆಲೆಯ ಮೇಲೆ ಬೀಳುತ್ತದೆ. ಆ ಸದ್ದನ್ನು ಕತ್ತರಿಸಬಾರದು. ಗಂಡು ಹಾರಿಹೋಗಿ 10 ಸೆಕೆಂಡು ಕಳೆದ ಮೇಲೆ ಮಾತು.

ನಿರೂಪಣೆ: ಹಣ್ಣುಗಳನ್ನು ಅದು ಅನ್ನನಾಳದಲ್ಲಿ ತುಂಬಿಕೊಂಡು ತರುತ್ತದೆ, ಕೊಡುವಾಗ ಒಂದೊಂದಾಗಿಯೇ ಹೊರತೆಗೆಯುತ್ತದೆ. ಮಂಗಟ್ಟೆಯ ನಾಲಿಗೆ ಗಿಡ್ಡ. ಕೊಕ್ಕಿನ ತುದಿಯಲ್ಲಿರುವ ಹಣ್ಣನ್ನು ಗಂಟಲಿಗೆ ತಳ್ಳಲು ಅದಕ್ಕೆ ಆಗುವುದಿಲ್ಲ. ಹೀಗಾಗಿ ತಾನು ತಿನ್ನುವಾಗ ಹಣ್ಣನ್ನು ಮೇಲಕ್ಕೆ ಎಸೆದು ಬಾಯಿಯಲ್ಲಿ ಹಿಡಿಯುತ್ತದೆ.

11:30
ನಡುಹಗಲು. ಜೀರುಂಡೆಗಳ ಸದ್ದು ಏರಿ, ಒಮ್ಮೆಲೇ ನಿಂತು, ಮತ್ತೆ ಏರುತ್ತದೆ. ಹಣ್ಣು ತುಂಬಿದ ಗೋಣಿ ಮರದಲ್ಲಿ ಕೆಂಜಳಿಲು, ಪಾರಿವಾಳಗಳು, ಮುಸುವಗಳು.

ನಿರೂಪಣೆ: ಗೋಣಿ, ಅತ್ತಿ, ಬಸರಿ ಮರಗಳು ಒಂದೇ ಋತುವಿಗಾಗಿ ಕಾಯುವುದಿಲ್ಲ. ಒಂದೊಂದು ಮರ ಒಂದೊಂದು ಕಾಲಕ್ಕೆ ಹಣ್ಣು ಬಿಡುವುದರಿಂದ ಬೇರೆ ಮರಗಳು ಬರಿದಾಗಿರುವ ತಿಂಗಳಲ್ಲೂ ಕಾಡಿನ ಎಲ್ಲೋ ಒಂದು ಕಡೆ ಅತ್ತಿಯ ಜಾತಿಯ ಮರವೊಂದು ಹಣ್ಣಾಗಿರುತ್ತದೆ. ಇದಕ್ಕೆ ಕಾರಣ ಹಣ್ಣಿನೊಳಗೆ ಬದುಕುವ ಸಣ್ಣ ಕಣಜ. ಈ ಮರಗಳ ಹೂವುಗಳು ಕಾಯಿಯ ಒಳಗೆ ಅಡಗಿದ್ದು, ಅವುಗಳ ಪರಾಗಸ್ಪರ್ಶವನ್ನು ಆ ಕಣಜಗಳು ಮಾತ್ರ ಮಾಡಬಲ್ಲವು. ಅವುಗಳ ಆಯುಸ್ಸು ಅತ್ಯಲ್ಪವಾದ್ದರಿಂದ, ಸಂತತಿ ಮುಂದುವರಿಯಬೇಕಾದರೆ ಹತ್ತಿರದಲ್ಲಿ ಎಳೆಯ ಕಾಯಿ ಬಿಟ್ಟ ಇನ್ನೊಂದು ಮರ ಇರಲೇಬೇಕು. ಹೀಗೆ ಒಂದು ಹುಳುವಿನ ಅಲ್ಪಾಯುಷ್ಯ ಸರದಿಯ ಮೇಲೆ ಹಣ್ಣನ್ನು ಒದಗಿಸುತ್ತದೆ, ಗಂಡು ಮಂಗಟ್ಟೆ ಆ ಸರದಿಯನ್ನು ಹುಡುಕುತ್ತ ಹಾರಾಡುತ್ತದೆ.

ಮೌನ, 35 ಸೆಕೆಂಡು. ಬಿದ್ದ ಹಣ್ಣುಗಳ ಮೇಲೆ ನೊಣಗಳ ಗುಯ್‌ಗುಡುವಿಕೆ.

13:40
ಗೂಡಿನ ಮರದ ಬುಡ. ತರಗೆಲೆಗಳ ನಡುವೆ ಬೀಜಗಳು, ಕೆಲವು ಮೊಳಕೆಯೊಡೆದಿವೆ.

ನಿರೂಪಣೆ: ರಾಂಪತ್ರೆಯಂಥ ಮರಗಳ ಬೀಜ ದೊಡ್ಡದು, ಅದನ್ನು ಇಡಿಯಾಗಿ ನುಂಗಬಲ್ಲಷ್ಟು ಅಗಲವಾಗಿ ಬಾಯಿ ತೆರೆಯುವ ಹಕ್ಕಿಗಳು ಕಾಡಿನಲ್ಲಿ ಕೆಲವೇ. ಮಂಗಟ್ಟೆ ತಿರುಳನ್ನು ಜೀರ್ಣಿಸಿಕೊಂಡು ಬೀಜವನ್ನು ಹಾಳುಮಾಡದೆ ಉಗುಳುತ್ತದೆ, ಅದೂ ಹಲವು ಬಾರಿ ತಾಯಿಮರದಿಂದ ಬಹುದೂರದಲ್ಲಿ. ಗೂಡಿನ ಕೆಳಗೆ ಬೀಜಗಳು ಒಂದೇ ಕಡೆ ಗುಡ್ಡೆಯಾಗುವುದರಿಂದ ಇಲ್ಲಿ ಮೊಳೆತ ಸಸಿಗಳಲ್ಲಿ ಹೆಚ್ಚಿನವು ಉಳಿಯಲಾರವು. ಮರಗಳಿಗೆ ನಿಜವಾಗಿ ಉಪಕಾರವಾಗುವುದು ಹಾರುವ ದಾರಿಯಲ್ಲಿ ಚದುರಿ ಬಿದ್ದ ಬೀಜಗಳಿಂದ. ಅವನ್ನು ಕ್ಯಾಮೆರಾ ಹಿಡಿಯಲಾರದು.

15:20
ಸೀಳಿನ ಹತ್ತಿರದ ದೃಶ್ಯ. ಒಳಗಿನಿಂದ ಮರಿಯ ಕ್ಷೀಣ ಕರೆ ಮೊದಲ ಬಾರಿಗೆ ಕೇಳುತ್ತದೆ. 25 ಸೆಕೆಂಡು ಮಾತಿಲ್ಲ. ಅದು ಯಾವ ಧ್ವನಿ ಎಂದು ನೋಡುವವರು ತಾವಾಗಿಯೇ ಊಹಿಸಲಿ.

ನಿರೂಪಣೆ: ಹೆಣ್ಣು ಇಡುವುದು ಒಂದು ಅಥವಾ ಎರಡು ಮೊಟ್ಟೆ, ಕಾವಿನ ಅವಧಿ ಸುಮಾರು 40 ದಿನ. ಸಾಮಾನ್ಯವಾಗಿ ಬೆಳೆದು ಹೊರಬರುವುದು ಒಂದೇ ಮರಿ. ಸೆರೆಯಲ್ಲಿರುವಾಗಲೇ ಹೆಣ್ಣು ತನ್ನ ಹಾರುವ ಗರಿಗಳನ್ನು ಉದುರಿಸಿ ಹೊಸ ಗರಿಗಳನ್ನು ಬೆಳೆಸಿಕೊಳ್ಳುತ್ತದೆ. ಈ ಅವಧಿಯಲ್ಲಿ ಗಂಡು ಸತ್ತರೆ ಒಳಗಿನ ಕುಟುಂಬಕ್ಕೆ ತುತ್ತು ತರುವವರಿಲ್ಲ. ಗೂಡು ಕಟ್ಟುವ ಕಾಲದಲ್ಲಿ ಒಂದು ಹಕ್ಕಿಯ ಬೇಟೆ ಎಂದರೆ ಒಂದೇ ಹಕ್ಕಿಯ ನಷ್ಟವಲ್ಲ ಎನ್ನುವುದಕ್ಕೆ ಕಾರಣ ಇದು.

ಕಾಡಿನ ಅಂಚು. ಕಡಿದ ಮರದ ಬುಡ, ಅದರಾಚೆ ರಸ್ತೆ. ವಾಹನದ ಸದ್ದು ಬಂದು ಹೋಗುತ್ತದೆ, 15 ಸೆಕೆಂಡು.

ನಿರೂಪಣೆ: ದೊಡ್ಡ ಮಂಗಟ್ಟೆಯನ್ನು ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಸೇರಿಸಲಾಗಿದೆ. ಅಂತರರಾಷ್ಟ್ರೀಯ ಕೆಂಪುಪಟ್ಟಿ ಇದನ್ನು 2018ರಲ್ಲಿ ಅಪಾಯದ ಅಂಚಿನ ಪ್ರಭೇದವೆಂದು ಗುರುತಿಸಿತು. ಕರ್ನಾಟಕ ಸರ್ಕಾರ 2011ರಲ್ಲಿ ದಾಂಡೇಲಿಯ ಸುತ್ತಣ ಕಾಡಿನ ಒಂದು ಭಾಗವನ್ನು ಮಂಗಟ್ಟೆಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಕಾಯ್ದೆ ಬೇಟೆಯನ್ನು ತಡೆಯಬಹುದು. ಆದರೆ ಪೊಟರೆಯುಳ್ಳ ಮರವೊಂದು ಬಿದ್ದರೆ ಅದರ ಜಾಗದಲ್ಲಿ ನೆಟ್ಟ ಸಸಿ ಮಂಗಟ್ಟೆಗೆ ಮನೆಯಾಗಲು ಹಲವು ತಲೆಮಾರುಗಳೇ ಬೇಕಾಗುತ್ತವೆ.

18:30
ಮೋಡ. ಮುಂಗಾರಿಗೆ ಮುನ್ನಿನ ಗುಡುಗು. ಹೆಣ್ಣು ಗೋಡೆಯನ್ನು ಒಳಗಿನಿಂದ ಕುಟ್ಟಿ ಒಡೆಯುತ್ತದೆ. ಕುಟ್ಟುವ ಸದ್ದು, ಚೂರುಗಳು ಉದುರುವ ಸದ್ದು. ಮೌನ, 1 ನಿಮಿಷ 20 ಸೆಕೆಂಡು. ಹೆಣ್ಣು ಹೊರಗೆ ತೂರಿ, ಕೊಂಬೆಯ ಮೇಲೆ ತೂಕ ತಪ್ಪಿ, ಸುಧಾರಿಸಿಕೊಂಡು ನಿಲ್ಲುತ್ತದೆ.

ನಿರೂಪಣೆ: ಮರಿಗೆ ಇನ್ನೂ ಹಾರುವಷ್ಟು ಗರಿ ಬಂದಿಲ್ಲ. ಆದರೆ ಅದರ ಹಸಿವು ಒಬ್ಬರ ದುಡಿಮೆಗೆ ಮೀರಿ ಬೆಳೆದಿರುವುದರಿಂದ ತಾಯಿಯೂ ಆಹಾರ ಹುಡುಕಲು ಹೊರಟಿದೆ.

ಒಡೆದ ಬಾಯಿಯ ಒಳಗೆ ಅಲುಗಾಟ. ಮತ್ತೆ ಪಟಪಟ ಸದ್ದು. ಈ ಬಾರಿ ಹಗುರವಾಗಿ, ತಡೆತಡೆದು. 20 ಸೆಕೆಂಡು.

ನಿರೂಪಣೆ: ಒಡೆದ ಗೋಡೆಯನ್ನು ಮರಿ ತಾನೇ ಮತ್ತೆ ಮೆತ್ತಿಕೊಳ್ಳುತ್ತಿದೆ. ಇದನ್ನು ಅದಕ್ಕೆ ಯಾರೂ ಕಲಿಸಿಲ್ಲ.

21:10
ಜಡಿಮಳೆಯ ನಡುವಿನ ಬಿಡುವು. ಎಲೆಗಳಿಂದ ನೀರು ಸುರಿಯುತ್ತಿದೆ. ಗಂಡು ಹೆಣ್ಣು ಎರಡೂ ಎದುರಿನ ಮರದಲ್ಲಿ ಕೂತು ಕರೆಯುತ್ತವೆ; ಗೂಡಿಗೆ ಹಣ್ಣು ತರುವುದಿಲ್ಲ. ಮರಿ ಸೀಳನ್ನು ಅಗಲಗೊಳಿಸಿ ತಲೆ ಹೊರಹಾಕುತ್ತದೆ. ಮೌನ, 1 ನಿಮಿಷ. ಮರಿ ಹಾರುತ್ತದೆ, ಹತ್ತಿರದ ಕೊಂಬೆಯನ್ನು ಒರಟಾಗಿ ಹಿಡಿಯುತ್ತದೆ.

ನಿರೂಪಣೆ: ಹೆಣ್ಣು ಒಳಸೇರಿದ ದಿನದಿಂದ ಇಲ್ಲಿಯವರೆಗೆ ಸುಮಾರು ನಾಲ್ಕು ತಿಂಗಳು. ಈ ಮರಿಗೆ ಶಿರಸ್ತ್ರಾಣ ಇನ್ನೂ ಮೂಡಿಲ್ಲ. ಅದು ಪೂರ್ತಿ ಬೆಳೆಯಲು ವರ್ಷಗಳೇ ಹಿಡಿಯುತ್ತವೆ. ಹಣ್ಣು ಎಲ್ಲೆಲ್ಲಿ, ಯಾವಾಗ ಸಿಗುತ್ತದೆ ಎಂಬುದನ್ನು ಕಲಿಯಲು ಸದ್ಯಕ್ಕೆ ಅದು ತಂದೆತಾಯಿಯ ಹಿಂದೆಯೇ ಹಾರುತ್ತದೆ. ಮರ ನಿಂತಿದ್ದರೆ, ಪೊಟರೆಯೊಳಗೆ ಮಳೆನೀರು ತುಂಬದಿದ್ದರೆ, ಇದೇ ಗೂಡಿಗೆ ಇದೇ ಜೋಡಿ ಮುಂದಿನ ಬೇಸಿಗೆಯಲ್ಲೂ ಬರಬಹುದು.

23:20
ಕೊನೆಯ ಬರಹ ಪರದೆಯ ಮೇಲೆ, ಮಳೆಯ ಧ್ವನಿಯೊಂದಿಗೆ. ನಿರೂಪಕರು ಇದನ್ನು ಓದುವುದಿಲ್ಲ.

ಗೂಡಿನ ಮರ ಇರುವ ಸ್ಥಳವನ್ನು ಈ ಚಿತ್ರದಲ್ಲಿ ಉದ್ದೇಶಪೂರ್ವಕವಾಗಿ ಹೇಳಿಲ್ಲ. ಚಿತ್ರೀಕರಣವನ್ನು ದೂರದ ಮರೆಯಿಂದ, ಕೃತಕ ಬೆಳಕನ್ನೂ ಧ್ವನಿಮುದ್ರಿತ ಕೂಗನ್ನೂ ಬಳಸದೆ ನಡೆಸಲಾಗಿದೆ. ಪೊಟರೆಯ ಒಳಭಾಗವನ್ನು ತೋರಿಸದಿರುವುದಕ್ಕೆ ಕಾರಣವೂ ಇದೇ: ಅಲ್ಲಿಗೆ ಕ್ಯಾಮೆರಾ ಇಡಬೇಕೆಂದರೆ ಹಕ್ಕಿ ಕಟ್ಟಿದ ಗೋಡೆಯನ್ನು ಮುಟ್ಟಬೇಕಾಗುತ್ತಿತ್ತು.