ನೇಮಕಾತಿಗೆ ಒಪ್ಪಿಗೆ, ವೇತನದ ವಿಂಗಡಣೆ ಮತ್ತು ಸ್ಥಳಾಂತರದ ನೆರವಿನ ಕುರಿತು ವಿನಂತಿ

ಉಡುಪಿ
4 ಡಿಸೆಂಬರ್ 2025

ಮಾನ್ಯ ಸುಧಾಕರ್ ಸರ್ ಅವರಿಗೆ,

ನಮಸ್ಕಾರ. ದುಬೈನ ಅಲ್ ಖೂಝ್‌ನಲ್ಲಿರುವ ತಮ್ಮ ಕೋಲ್ಡ್ ಸ್ಟೋರೇಜಿನ ನಿರ್ವಹಣಾ ವಿಭಾಗದ ಮುಖ್ಯಸ್ಥನ ಹುದ್ದೆಗೆ ನನ್ನನ್ನು ಆಯ್ಕೆ ಮಾಡಿ ಕಳೆದ ವಾರ ಕಳುಹಿಸಿದ ಆಫರ್ ಲೆಟರ್ ತಲುಪಿದೆ. ಈ ಹುದ್ದೆಯನ್ನು ನಾನು ಸಂತೋಷದಿಂದ ಒಪ್ಪಿಕೊಂಡಿದ್ದೇನೆ. ಮನೆಯಲ್ಲಿಯೂ ಎಲ್ಲರ ಸಮ್ಮತಿ ದೊರೆತಿದೆ. ಆದರೆ ಪತ್ರಕ್ಕೆ ಸಹಿ ಹಾಕುವ ಮುನ್ನ ವೇತನದ ವಿಂಗಡಣೆ ಹಾಗೂ ಸ್ಥಳಾಂತರದ ಷರತ್ತುಗಳ ಬಗ್ಗೆ ಕೆಲವು ಬದಲಾವಣೆಗಳನ್ನು ಕೋರುತ್ತಿದ್ದೇನೆ. ಮೊದಲು ಕನ್ನಡದಲ್ಲೇ ಬಿಡಿಸಿ ಬರೆಯಿರಿ, ಒಪ್ಪಿಗೆಯಾದದ್ದನ್ನು ಆಮೇಲೆ ಇಂಗ್ಲಿಷಿನಲ್ಲಿ ಎಚ್‌ಆರ್ ವಿಭಾಗಕ್ಕೆ ಕಳುಹಿಸೋಣ ಎಂದು ತಾವು ಫೋನಿನಲ್ಲಿ ಹೇಳಿದ್ದರಿಂದ ಈ ಪತ್ರ ಸ್ವಲ್ಪ ದೀರ್ಘವಾಗಿದೆ.

ಪತ್ರದಲ್ಲಿ ತಿಂಗಳ ಒಟ್ಟು ವೇತನ 14,000 ದಿರ್ಹಮ್ ಎಂದಿದ್ದು, ಅದರಲ್ಲಿ ಮೂಲ ವೇತನ 6,000, ಮನೆ ಬಾಡಿಗೆ ಭತ್ಯೆ 4,500, ಸಾರಿಗೆ 1,500 ಮತ್ತು ಇತರೆ ಭತ್ಯೆ 2,000 ಎಂದು ಹಂಚಲಾಗಿದೆ. ಮೂಲ ವೇತನ 9,000, ಬಾಡಿಗೆ ಭತ್ಯೆ 5,000, ಸಾರಿಗೆ 1,500 ಮತ್ತು ಇತರೆ ಭತ್ಯೆ 1,000 ಸೇರಿ ಒಟ್ಟು 16,500 ದಿರ್ಹಮ್ ನಿಗದಿಪಡಿಸಬೇಕೆಂಬುದು ನನ್ನ ವಿನಂತಿ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಜವಾಬ್ದಾರಿಯ ವ್ಯಾಪ್ತಿ. ಸಂದರ್ಶನದಲ್ಲಿ ನಾವು ಮಾತನಾಡಿದ್ದು ಅಲ್ ಖೂಝ್‌ನ ಒಂದು ಘಟಕದ ಕುರಿತು ಮಾತ್ರ. ಆಫರ್ ಲೆಟರಿನಲ್ಲಿ ಶಾರ್ಜಾದ ಘಟಕದ ಮೇಲ್ವಿಚಾರಣೆಯೂ, ರಾತ್ರಿ ಹೊತ್ತಿನ ತುರ್ತು ಕರೆಗಳಿಗೆ ಸ್ಪಂದಿಸುವ ಹೊಣೆಯೂ ಸೇರಿಕೊಂಡಿವೆ. ಈ ಕೆಲಸಕ್ಕೆ ನಾನು ಹಿಂಜರಿಯುವುದಿಲ್ಲ. ಮಲ್ಪೆಯ ಮೀನು ಸಂಸ್ಕರಣಾ ಘಟಕದಲ್ಲಿ ಹನ್ನೊಂದು ವರ್ಷಗಳಿಂದ ಅಮೋನಿಯ ಸ್ಥಾವರವನ್ನು ನೋಡಿಕೊಳ್ಳುತ್ತಿರುವ ನನಗೆ, ಮೈನಸ್ 18 ಡಿಗ್ರಿಯಲ್ಲಿರಬೇಕಾದ ಕೊಠಡಿಯ ತಾಪಮಾನ ನಡುರಾತ್ರಿ ಏರತೊಡಗಿದರೆ ಬೆಳಗಿನವರೆಗೆ ಕಾಯುವಂತಿಲ್ಲ ಎಂಬುದು ಚೆನ್ನಾಗಿ ಗೊತ್ತು. ಆದರೆ ಎರಡು ಎಮಿರೇಟುಗಳಲ್ಲಿರುವ ಎರಡು ಘಟಕಗಳನ್ನು ಒಬ್ಬನೇ ನೋಡಿಕೊಳ್ಳುವಾಗ ವೇತನದಲ್ಲಿಯೂ ಅದು ಕಾಣಬೇಕು ಎಂಬುದು ನನ್ನ ಭಾವನೆ.

ಈ ಸಂದರ್ಭದಲ್ಲಿ ಒಂದು ವಿಷಯ ಹೇಳುವುದು ಸೂಕ್ತ. ತಮ್ಮ ಎಂಜಿನಿಯರ್ ಕಳುಹಿಸಿದ ಮೂರನೇ ಕೊಠಡಿಯ ಫೋಟೊಗಳನ್ನು ಮತ್ತೊಮ್ಮೆ ಗಮನಿಸಿದೆ. ಬಾಗಿಲಿಗೆ ಎದುರಾಗಿರುವ ಇವಾಪೊರೇಟರ್ ಕಾಯಿಲಿನ ಮೇಲೆ ಮಾತ್ರ ಹಿಮ ದಪ್ಪಗಟ್ಟಿದೆ, ಪಕ್ಕದ ಕಾಯಿಲಿನಲ್ಲಿ ರೆಕ್ಕೆಗಳು ಸ್ಪಷ್ಟವಾಗಿ ಕಾಣಿಸುತ್ತಿವೆ. ಡಿಫ್ರಾಸ್ಟ್ ವ್ಯವಸ್ಥೆಯೇ ಕೆಟ್ಟಿದ್ದರೆ ಎರಡರ ಮೇಲೂ ಹೀಗೆಯೇ ಹಿಮ ಕಟ್ಟಬೇಕಿತ್ತು. ಆದ್ದರಿಂದ ಬಾಗಿಲಿನಿಂದ ಒಳನುಗ್ಗುವ ತೇವಭರಿತ ಗಾಳಿಯನ್ನೇ ಮೊದಲು ಸಂಶಯಿಸಬೇಕು ಎಂದು ನನಗನಿಸುತ್ತದೆ. ಮಳೆಗಾಲದ ನಾಲ್ಕು ತಿಂಗಳು ಇದೇ ತೊಂದರೆಯೊಂದಿಗೆ ಕೆಲಸ ಮಾಡುವ ನಮಗೆ ಇದು ಹೊಸತಲ್ಲ. ನಾನು ಬರುವ ಮೊದಲೇ ಬಾಗಿಲಿನ ಗ್ಯಾಸ್ಕೆಟ್ ಹಾಗೂ ಸ್ಟ್ರಿಪ್ ಪರದೆಯನ್ನು ಪರೀಕ್ಷಿಸಿಕೊಂಡರೆ ಕಂಪ್ರೆಸರ್ ಮೇಲಿನ ಹೊರೆಯೂ ವಿದ್ಯುತ್ತಿನ ಖರ್ಚೂ ಇಳಿಯಬಹುದು.

ಎರಡನೆಯ ಕಾರಣ ಮೂಲ ವೇತನದ ಪಾಲಿಗೆ ಸಂಬಂಧಿಸಿದ್ದು. ನನಗೆ ಹೆಚ್ಚು ಮುಖ್ಯವಾದದ್ದೂ ಇದೇ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಯುಎಇ ಕಾರ್ಮಿಕ ಕಾನೂನಿನ ಪ್ರಕಾರ ಸೇವಾಂತ್ಯದ ಗ್ರಾಚ್ಯುಟಿಯನ್ನು ಲೆಕ್ಕ ಹಾಕುವುದು ಮೂಲ ವೇತನದ ಮೇಲೆ ಮಾತ್ರ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆ ಬಳಿಕ ವರ್ಷಕ್ಕೆ 30 ದಿನಗಳ ಮೂಲ ವೇತನ. ಈಗಿನ ವಿಂಗಡಣೆಯಂತೆ ನನಗೆ ವರ್ಷಕ್ಕೆ 4,200 ದಿರ್ಹಮ್, ಐದು ವರ್ಷಗಳಿಗೆ 21,000 ದಿರ್ಹಮ್ ಸಿಗುತ್ತದೆ. ಮೂಲ ವೇತನ 9,000 ಆದರೆ ಅದೇ ಅವಧಿಗೆ 31,500 ಆಗುತ್ತದೆ. ಊರಿನಲ್ಲಿ ಈಗ ನನಗಿರುವ ಭವಿಷ್ಯ ನಿಧಿ ಅಲ್ಲಿ ಇರುವುದಿಲ್ಲವಾದ್ದರಿಂದ ಹಿಂದಿರುಗುವಾಗ ಕೈಗೆ ಬರುವ ಇಡುಗಂಟು ಬಹುಪಾಲು ಇದೊಂದೇ. ಆದ್ದರಿಂದ ಬಜೆಟ್ಟಿನ ಕಾರಣಕ್ಕೆ 16,500 ಈಗಲೇ ಸಾಧ್ಯವಾಗದಿದ್ದರೆ, ಒಟ್ಟು 15,500ಕ್ಕೆ ನಾನು ಒಪ್ಪುತ್ತೇನೆ. ಆದರೆ ಮೂಲ ವೇತನ 9,000ಕ್ಕಿಂತ ಕಡಿಮೆಯಾಗದಿರಲಿ, ಪ್ರೊಬೇಷನ್ನಿನ ಆರು ತಿಂಗಳು ಮುಗಿದ ಕೂಡಲೇ ಒಟ್ಟು ವೇತನವನ್ನು 16,500ಕ್ಕೆ ಏರಿಸುವ ಮಾತು ಪತ್ರದಲ್ಲಿ ಬರಹರೂಪದಲ್ಲಿ ಇರಲಿ. ಸಚಿವಾಲಯದಲ್ಲಿ ನೋಂದಾಯಿಸುವ ಒಪ್ಪಂದದಲ್ಲಿಯೂ ಇದೇ ವಿಂಗಡಣೆ ಇರಬೇಕೆಂದು ಕೋರುತ್ತೇನೆ.

ಇನ್ನು ಸ್ಥಳಾಂತರದ ವಿಚಾರ. ನನಗೊಬ್ಬನಿಗೆ ವಿಮಾನ ಟಿಕೆಟ್ ಮತ್ತು ಏಳು ದಿನಗಳ ಹೋಟೆಲ್ ವಾಸ್ತವ್ಯವನ್ನು ತಾವು ನೀಡಿದ್ದೀರಿ. ವಾಸ್ತವ್ಯವನ್ನು ಮೂವತ್ತು ದಿನಗಳಿಗೆ ವಿಸ್ತರಿಸಬೇಕೆಂದು ಕೇಳುವುದಕ್ಕೆ ಕಾರಣವಿದೆ. ದುಬೈಯಲ್ಲಿ ಬಾಡಿಗೆಯನ್ನು ಸಾಮಾನ್ಯವಾಗಿ ಮುಂದಿನ ದಿನಾಂಕದ ಚೆಕ್ಕುಗಳ ಮೂಲಕವೇ ಕೊಡಬೇಕು. ಚೆಕ್ ಪುಸ್ತಕಕ್ಕೆ ಬ್ಯಾಂಕ್ ಖಾತೆ, ಖಾತೆಗೆ ಎಮಿರೇಟ್ಸ್ ಐಡಿ, ಐಡಿಗೆ ವೈದ್ಯಕೀಯ ತಪಾಸಣೆ, ಹೀಗೆ ಒಂದರ ಹಿಂದೆ ಒಂದು ನಡೆಯಬೇಕಾದ ಕೆಲಸಗಳು ಒಂದು ವಾರದಲ್ಲಿ ಮುಗಿಯುವುದಿಲ್ಲ. ಹೋಟೆಲೇ ಆಗಬೇಕೆಂದಿಲ್ಲ, ಸಂಸ್ಥೆಯ ಸಿಬ್ಬಂದಿ ವಸತಿಯಲ್ಲಿ ಒಂದು ಕೋಣೆ ಕೊಟ್ಟರೂ ಸಾಕು.

ಬಾಡಿಗೆ ಹಿಡಿಯುವಾಗಿನ ಮೊದಲ ಖರ್ಚೂ ಚಿಕ್ಕದಲ್ಲ. ವರ್ಷಕ್ಕೆ 60,000 ದಿರ್ಹಮಿನ ಒಂದು ಬೆಡ್‌ರೂಮಿನ ಫ್ಲ್ಯಾಟ್ ಎಂದು ಇಟ್ಟುಕೊಂಡರೆ, ನಾಲ್ಕು ಚೆಕ್ಕುಗಳಲ್ಲಿ ಮೊದಲನೆಯದು 15,000, ಐದು ಶೇಕಡಾ ಭದ್ರತಾ ಠೇವಣಿ 3,000, ಏಜೆಂಟರ ಕಮಿಷನ್ 3,000, ವಿದ್ಯುತ್ ಮತ್ತು ನೀರಿನ ಠೇವಣಿ 2,000, ಒಟ್ಟು 23,000 ದಿರ್ಹಮ್ ಮೊದಲ ಸಂಬಳ ಸರಿಯಾಗಿ ಕೈಸೇರುವ ಮೊದಲೇ ಬೇಕಾಗುತ್ತದೆ. ಇದನ್ನು ಸಂಸ್ಥೆಯೇ ಭರಿಸಲಿ ಎಂದು ನಾನು ಕೇಳುತ್ತಿಲ್ಲ. 24,000 ದಿರ್ಹಮನ್ನು ಬಡ್ಡಿಯಿಲ್ಲದ ಮುಂಗಡವಾಗಿ ನೀಡಿ, ತಿಂಗಳಿಗೆ 2,000ದಂತೆ ಹನ್ನೆರಡು ಕಂತುಗಳಲ್ಲಿ ವೇತನದಿಂದ ಕಡಿತ ಮಾಡಿಕೊಂಡರೆ ಸಾಕು; ಇದಕ್ಕೆ ಬೇಕಾದ ಲಿಖಿತ ಒಪ್ಪಿಗೆಯನ್ನು ಸಹಿಯೊಂದಿಗೆ ಕೊಡುತ್ತೇನೆ.

ನನ್ನ ಪತ್ನಿ ಮತ್ತು ಮಗಳು ಮಾರ್ಚ್ ಕೊನೆಯ ವಾರದಲ್ಲಿ ಬರುವುದೆಂದು ಯೋಚಿಸಿದ್ದೇವೆ. ಮಗಳು ಉಡುಪಿಯಲ್ಲಿ ಮೂರನೇ ತರಗತಿಯ ಪರೀಕ್ಷೆ ಮುಗಿಸಬೇಕು, ದುಬೈನ ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲಿನಲ್ಲಿ ಹೊಸ ವರ್ಷ ಆರಂಭಿಸುತ್ತವೆ. ಇವರಿಬ್ಬರಿಗೆ ಮಂಗಳೂರಿನಿಂದ ದುಬೈಗೆ ಒಂದು ಬಾರಿಯ ಟಿಕೆಟ್ ಮತ್ತು ಕುಟುಂಬ ವೀಸಾದ ವೆಚ್ಚವನ್ನು ಸಂಸ್ಥೆ ನೀಡಬೇಕೆಂದು ಕೋರುತ್ತೇನೆ. ಶಾಲೆಯ ಶುಲ್ಕವನ್ನು ನಾನೇ ನೋಡಿಕೊಳ್ಳುತ್ತೇನೆ. ಅವರಿಬ್ಬರ ಆರೋಗ್ಯ ವಿಮೆಯನ್ನು ಸಂಸ್ಥೆಯ ಗುಂಪು ಪಾಲಿಸಿಗೆ ಸೇರಿಸಿಕೊಳ್ಳಬೇಕು. ಅದರ ಪ್ರೀಮಿಯಂ ನನ್ನ ಪಾಲಿಗೇ ಬಂದರೂ ಅಡ್ಡಿಯಿಲ್ಲ.

ನನ್ನ ವಿಟಿಯು ಪದವಿ ಪ್ರಮಾಣಪತ್ರ, ವಿವಾಹ ನೋಂದಣಿ ಪತ್ರ ಮತ್ತು ಮಗಳ ಜನನ ಪತ್ರಗಳಿಗೆ ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ, ಬಳಿಕ ವಿದೇಶಾಂಗ ಸಚಿವಾಲಯದ, ಅನಂತರ ಯುಎಇ ರಾಯಭಾರ ಕಚೇರಿಯ ದೃಢೀಕರಣ ಆಗಬೇಕಿದೆ. ಈ ಕೆಲಸವನ್ನು ಈಗಲೇ ಆರಂಭಿಸುತ್ತೇನೆ. ರಸೀದಿ ಕೊಟ್ಟ ಮೊತ್ತವನ್ನಷ್ಟೇ ಮರುಪಾವತಿಸಿದರೆ ಸಾಕು.

ಪತ್ರದ ಹತ್ತನೇ ಷರತ್ತಿನ ಬಗ್ಗೆ ನನಗೆ ಚಿಂತೆಯಿದೆ. ಎರಡು ವರ್ಷಗಳೊಳಗೆ ಕೆಲಸ ಬಿಟ್ಟರೆ ನೇಮಕಾತಿ ಮತ್ತು ಸ್ಥಳಾಂತರದ ಪೂರ್ಣ ವೆಚ್ಚವನ್ನು ಹಿಂದಿರುಗಿಸಬೇಕು ಎಂದು ಅದರಲ್ಲಿದೆ. ನೇಮಕಾತಿಯ ವೆಚ್ಚವನ್ನು ಉದ್ಯೋಗಿಯಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ವಸೂಲು ಮಾಡಬಾರದೆಂದು ಮೇಲೆ ಹೇಳಿದ ಕಾನೂನಿನ 6ನೇ ವಿಧಿಯಲ್ಲಿಯೇ ಇರುವುದರಿಂದ, ನನ್ನ ವೀಸಾ ಮತ್ತು ವರ್ಕ್ ಪರ್ಮಿಟ್ ಖರ್ಚನ್ನು ಈ ಷರತ್ತಿನಿಂದ ಕೈಬಿಡಬೇಕು. ಹೋಟೆಲ್, ಕುಟುಂಬದ ಟಿಕೆಟ್ ಮುಂತಾದ ಸ್ಥಳಾಂತರದ ಖರ್ಚಿಗೆ ಷರತ್ತು ಇರುವುದು ನ್ಯಾಯವೇ. ಆದರೆ ಹಿಂದಿರುಗಿಸಬೇಕಾದ ಮೊತ್ತ ದುಡಿದ ಪ್ರತಿ ತಿಂಗಳಿಗೆ ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿನಂತೆ ಇಳಿಯುತ್ತ ಹೋಗಲಿ. ಸಂಸ್ಥೆಯೇ ನನ್ನನ್ನು ಬಿಡಿಸಿದಲ್ಲಿ ಈ ಷರತ್ತು ಅನ್ವಯಿಸದಿರಲಿ.

ರಜೆಯ ಟಿಕೆಟ್ ಎರಡು ವರ್ಷಕ್ಕೊಮ್ಮೆ ಎಂದಿದೆ. ತಾಯಿಗೆ ಎಪ್ಪತ್ತನಾಲ್ಕು ವರ್ಷ, ಅಣ್ಣನ ಜೊತೆ ಕಟಪಾಡಿಯಲ್ಲಿದ್ದಾರೆ. ನನಗೊಬ್ಬನಿಗಾದರೂ ವರ್ಷಕ್ಕೊಮ್ಮೆ ಮಂಗಳೂರಿಗೆ ಹೋಗಿಬರುವ ಟಿಕೆಟ್ ದೊರೆತರೆ ಉಪಕಾರವಾಗುತ್ತದೆ.

ಜನವರಿ 15ರಂದು ಸೇರಲು ನನ್ನಿಂದ ಆಗದು. ಈಗಿನ ಸಂಸ್ಥೆಯಲ್ಲಿ ಅರುವತ್ತು ದಿನಗಳ ನೋಟಿಸ್ ಕಡ್ಡಾಯ. ಮೀನುಗಾರಿಕೆಯ ಈ ಹಂಗಾಮಿನಲ್ಲಿ ಅವರನ್ನು ಅರ್ಧದಲ್ಲಿ ಬಿಟ್ಟು ಹೊರಡಲು ನನಗೆ ಮನಸ್ಸಿಲ್ಲ. ನಾಳೆ ತಮ್ಮ ಸಂಸ್ಥೆಯನ್ನು ಬಿಡುವ ದಿನ ಬಂದರೂ ನಾನು ಹೀಗೆಯೇ ನಡೆದುಕೊಳ್ಳುತ್ತೇನೆ. ತಿದ್ದಿದ ಪತ್ರ ಡಿಸೆಂಬರ್ 12ರೊಳಗೆ ದೊರೆತರೆ 15ರಂದು ರಾಜೀನಾಮೆ ಕೊಟ್ಟು, ಫೆಬ್ರವರಿ 23ರ ಸೋಮವಾರ ಕೆಲಸಕ್ಕೆ ಹಾಜರಾಗುತ್ತೇನೆ. ಅದಕ್ಕೂ ಮೊದಲು ವಾರದಲ್ಲಿ ಒಂದೆರಡು ಸಂಜೆ ಫೋನಿನ ಮೂಲಕ ತಮ್ಮ ಎಂಜಿನಿಯರ್‌ಗಳಿಗೆ ನೆರವಾಗಲು ಸಿದ್ಧನಿದ್ದೇನೆ.

ಈ ಎಲ್ಲವೂ ಒಂದೇ ಸಲಕ್ಕೆ ಸಾಧ್ಯವಾಗಲಾರದು ಎಂಬ ಅರಿವು ನನಗಿದೆ. ಮೂಲ ವೇತನ, ಬಾಡಿಗೆಯ ಮುಂಗಡ ಮತ್ತು ಹತ್ತನೇ ಷರತ್ತಿನ ತಿದ್ದುಪಡಿ, ಈ ಮೂರನ್ನು ಬಿಟ್ಟು ಉಳಿದವುಗಳಲ್ಲಿ ತಮ್ಮ ಅನುಕೂಲಕ್ಕೆ ಹೊಂದಿಕೊಳ್ಳುತ್ತೇನೆ. ಮಾತನಾಡುವುದು ಒಳ್ಳೆಯದೆನಿಸಿದರೆ, ಇಲ್ಲಿನ ಸಮಯ ಸಂಜೆ ಏಳರ ನಂತರ ಯಾವ ದಿನವಾದರೂ ಕರೆ ಮಾಡಬಹುದು. ಆ ಹೊತ್ತಿಗೆ ನಾನು ಪ್ಲಾಂಟಿನಿಂದ ಮನೆಗೆ ಬಂದಿರುತ್ತೇನೆ.

ತಮ್ಮ ವಿಶ್ವಾಸಿ,
ಪ್ರಶಾಂತ್ ಕೋಟ್ಯಾನ್