ಸುತ್ತೋಲೆ: ಸಿಬ್ಬಂದಿ ಕುಟುಂಬಗಳ ಕೆಸರುಗದ್ದೆ ಕ್ರೀಡಾಕೂಟದ ಮುಂದೂಡಿಕೆ, ಹೊಸ ದಿನಾಂಕ ಮತ್ತು ಪ್ರಯಾಣ ವ್ಯವಸ್ಥೆ

ಮಡಿಕೇರಿ ಕಚೇರಿ
ಜುಲೈ 17, ಗುರುವಾರ

ಮಡಿಕೇರಿ, ಮೈಸೂರು ಮತ್ತು ಮಂಗಳೂರು ಕಚೇರಿಗಳ ಎಲ್ಲ ಸಹೋದ್ಯೋಗಿಗಳಿಗೆ,

ನಮಸ್ಕಾರ.

ಸುಂಟಿಕೊಪ್ಪ ಸಮೀಪದ ಗದ್ದೆಯಲ್ಲಿ ಇದೇ ಜುಲೈ 19ರ ಶನಿವಾರ ನಡೆಯಬೇಕಿದ್ದ ಕೆಸರುಗದ್ದೆ ಕ್ರೀಡಾಕೂಟವನ್ನು ಭಾರಿ ಮಳೆಯ ಕಾರಣದಿಂದ ಮುಂದೂಡಲಾಗಿದೆ. ಶನಿವಾರ ಯಾವ ಊರಿನಿಂದಲೂ ನಮ್ಮ ಬಸ್ಸು ಹೊರಡುವುದಿಲ್ಲ. ಸ್ವಂತ ವಾಹನದಲ್ಲಿ ಬರಲು ಸಿದ್ಧರಾಗಿದ್ದವರೂ ದಯವಿಟ್ಟು ಹೊರಡಬಾರದು.

ಕೆಸರಿನಲ್ಲಿ ಓಡುವ ಆಟಕ್ಕೆ ಮಳೆ ಬಂದರೆ ಅಡ್ಡಿಯೇನು ಎಂದು ಕೆಲವರು ಈಗಾಗಲೇ ಕೇಳಿದ್ದಾರೆ. ಕೊಡಗಿನ ಜುಲೈ ಮಳೆಯನ್ನು ಲೆಕ್ಕಕ್ಕೆ ಹಿಡಿದೇ ಈ ದಿನವನ್ನು ನಿಗದಿಪಡಿಸಿದ್ದೆವು ಎಂಬುದು ನಿಜ. ಆದರೆ ನಿನ್ನೆ ಮಧ್ಯಾಹ್ನ ನಾವು ಮೂವರು ಸ್ಥಳಕ್ಕೆ ಹೋಗಿ ನೋಡಿದಾಗ ಹಗ್ಗಜಗ್ಗಾಟಕ್ಕೆಂದು ಗುರುತು ಹಾಕಿದ್ದ ಗದ್ದೆಯ ಬದು ಎರಡು ಕಡೆ ಒಡೆದು, ಪಕ್ಕದ ತೋಡಿನ ನೀರು ನೇರವಾಗಿ ಒಳಗೆ ನುಗ್ಗುತ್ತಿತ್ತು. ಗದ್ದೆಯ ಮಾಲೀಕರು ಇಳಿಸಿದ ಬಿದಿರಿನ ಕೋಲು ಸೊಂಟದ ಮಟ್ಟಕ್ಕೆ ಮುಳುಗಿತು. ಹಿಂದಿನ ದಿನ ನೆಟ್ಟಿದ್ದ ಶಾಮಿಯಾನದ ಕಂಬಗಳಲ್ಲಿ ನಾಲ್ಕು ವಾಲಿ ನಿಂತಿದ್ದವು. ದೊಡ್ಡವರಿಗೇ ಕಾಲು ನಿಲ್ಲದ ಆ ಹರಿವಿನಲ್ಲಿ ಮಕ್ಕಳನ್ನು ಇಳಿಸುವ ಪ್ರಶ್ನೆಯೇ ಇಲ್ಲ. ಇದಲ್ಲದೆ, ಮುಖ್ಯರಸ್ತೆಯಿಂದ ಗದ್ದೆಗೆ ಹೋಗುವ ಮೂರು ಕಿಲೋಮೀಟರ್ ತೋಟದ ದಾರಿಗೆ ಸಿಲ್ವರ್ ಮರವೊಂದು ಅಡ್ಡ ಬಿದ್ದಿದೆ; ವಿದ್ಯುತ್ ಇಲ್ಲದೆ ಅಲ್ಲಿ ಮೊಬೈಲ್ ಸಂಪರ್ಕವೂ ಸಿಗುತ್ತಿಲ್ಲ. ಯಾರಿಗಾದರೂ ಪೆಟ್ಟಾದರೆ ಆಂಬ್ಯುಲೆನ್ಸ್ ಕರೆಯಲೂ ಆಗದ ಜಾಗಕ್ಕೆ 180 ಜನರನ್ನು ಕರೆದೊಯ್ಯುವುದು ತಪ್ಪಾಗುತ್ತದೆ.

ಹೊಸ ದಿನಾಂಕಕ್ಕೆ ಮೂರು ಆಯ್ಕೆಗಳನ್ನು ನಿಮ್ಮ ಮುಂದಿಡುತ್ತಿದ್ದೇವೆ. ಮೊದಲನೆಯದು ಆಗಸ್ಟ್ 9ರ ಶನಿವಾರ. ಉಳಿದ ಗದ್ದೆಗಳಲ್ಲಿ ನಾಟಿ ಮುಗಿಸಿದರೂ ನಮಗಾಗಿ ಒಂದು ಗದ್ದೆಯನ್ನು ಅಂದಿನವರೆಗೆ ಖಾಲಿ ಬಿಡಲು ಮಾಲೀಕರು ಒಪ್ಪಿದ್ದಾರೆ. ಆ ಬಳಿಕ ಅಲ್ಲಿಯೂ ನಾಟಿಯಾಗುವುದರಿಂದ ಈ ವರ್ಷ ಕೆಸರುಗದ್ದೆ ಆಟ ಬೇಕೆಂದರೆ ಇದೊಂದೇ ದಿನ ಉಳಿದಿದೆ. ಮಳೆ ಮತ್ತೆ ಕೈಕೊಡುವ ಸಾಧ್ಯತೆಯೂ ಇದೇ ದಿನಕ್ಕೆ ಹೆಚ್ಚು. ಇನ್ನೆರಡು ಆಯ್ಕೆಗಳು ನವೆಂಬರ್ 15 ಮತ್ತು ನವೆಂಬರ್ 22, ಎರಡೂ ಶನಿವಾರ. ಆಗ ಕೆಸರಿನ ಬದಲು ಕುಶಾಲನಗರದ ಬಳಿಯ ಮೈದಾನದಲ್ಲಿ ಓಟ, ವಾಲಿಬಾಲ್, ಹಗ್ಗಜಗ್ಗಾಟ ನಡೆಯುತ್ತವೆ. ಮಡಿಕೇರಿ ದಸರಾ ಮತ್ತು ತಲಕಾವೇರಿಯ ತುಲಾ ಸಂಕ್ರಮಣದ ದಿನಗಳಲ್ಲಿ ವಸತಿ, ವಾಹನ ಎರಡೂ ಸಿಗುವುದು ಕಷ್ಟವಾದ್ದರಿಂದ ಅಕ್ಟೋಬರನ್ನು ಕೈಬಿಟ್ಟಿದ್ದೇವೆ. ಊಟದಲ್ಲಿ ಕಡಂಬುಟ್ಟು, ಪಂದಿ ಕರಿ ಯಾವ ದಿನವಾದರೂ ಇರುತ್ತವೆ. ಸಸ್ಯಾಹಾರಿಗಳಿಗೆ ಹೇಳಿದ್ದ ಕಣಿಲೆ ಪಲ್ಯ ಮಾತ್ರ ಮಳೆಗಾಲದ್ದು, ನವೆಂಬರಿಗೆ ಬೇರೆ ಪಲ್ಯ ಮಾಡಿಸಬೇಕಾಗುತ್ತದೆ.

ನಿಮ್ಮ ಆಯ್ಕೆಯನ್ನೂ ಜೊತೆಗೆ ಬರುವ ಕುಟುಂಬದವರ ಸಂಖ್ಯೆಯನ್ನೂ ಜುಲೈ 25ರ ಶುಕ್ರವಾರ ಮಧ್ಯಾಹ್ನ 12 ಗಂಟೆಯೊಳಗೆ ನಿಮ್ಮ ವಿಭಾಗದ ಮುಖ್ಯಸ್ಥರಿಗೆ ತಿಳಿಸಬೇಕಾಗಿ ವಿನಂತಿ. ಹೆಚ್ಚು ಮಂದಿ ಒಪ್ಪಿದ ದಿನವನ್ನು ಜುಲೈ 28ರಂದು ಪ್ರಕಟಿಸುತ್ತೇವೆ.

ಮೈಸೂರಿನಿಂದ ಎರಡು ಬಸ್ಸುಗಳು ಬೆಳಿಗ್ಗೆ 5.30ಕ್ಕೆ ಕಚೇರಿಯ ಮುಂದಿನಿಂದ ಹೊರಟು ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಮಾರ್ಗವಾಗಿ ಬರುತ್ತವೆ. ಹುಣಸೂರಿನಲ್ಲಿ ಹತ್ತುವವರು ಮುಂಚಿತವಾಗಿ ತಿಳಿಸಿರಬೇಕು. ಮಡಿಕೇರಿಯವರಿಗೆ 8 ಗಂಟೆಗೆ ಮಿನಿ ಬಸ್ಸು ಇರುತ್ತದೆ. ಆಗಸ್ಟ್ ದಿನಾಂಕವೇ ನಿಶ್ಚಯವಾದರೆ ದೊಡ್ಡ ಬಸ್ಸುಗಳು ಸುಂಟಿಕೊಪ್ಪದಲ್ಲೇ ನಿಲ್ಲುತ್ತವೆ, ಅಲ್ಲಿಂದ ಗದ್ದೆಯವರೆಗೆ ಜೀಪುಗಳಲ್ಲಿ ಕರೆದೊಯ್ಯಲಾಗುತ್ತದೆ. ವಯಸ್ಸಾದವರಿಗೂ ಚಿಕ್ಕ ಮಕ್ಕಳಿರುವವರಿಗೂ ಮೊದಲ ಜೀಪು.

ಮಂಗಳೂರಿನ ಸಹೋದ್ಯೋಗಿಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕಾಗಿದೆ. ಅವರ ಬಸ್ಸು ಸಂಪಾಜೆ ಘಾಟಿ ಹತ್ತಿ ಬರಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಆದ್ದರಿಂದ ಆಗಸ್ಟ್ 9 ನಿಶ್ಚಯವಾದರೆ ಹಿಂದಿನ ದಿನ ಸಂಜೆ 4 ಗಂಟೆಗೆ ರಸ್ತೆಯ ಸ್ಥಿತಿಯನ್ನು ವಿಚಾರಿಸಿ ಬಸ್ಸು ಹೊರಡಿಸುವ ಬಗ್ಗೆ ತೀರ್ಮಾನಿಸುತ್ತೇವೆ. ಘಾಟಿಯಲ್ಲಿ ಸಂಚಾರ ನಿಂತಿದ್ದರೆ ಶಿರಾಡಿಯ ಮೂಲಕ ಸುತ್ತಿ ಕರೆತರುವುದಿಲ್ಲ, ಮಳೆಗೆ ಆ ಘಾಟಿಯನ್ನೂ ನಂಬುವಂತಿಲ್ಲ. ಹಾಗಾದಲ್ಲಿ ಮಂಗಳೂರಿನವರಿಗೆ ಅವರ ಊರಿನಲ್ಲೇ ಬೇರೆ ದಿನ ಕುಟುಂಬದ ಊಟ ಏರ್ಪಡಿಸಲು ಹಣ ತೆಗೆದಿರಿಸಿದ್ದೇವೆ. ಹಿಂದಿರುಗುವ ಬಸ್ಸುಗಳೆಲ್ಲ ಮಧ್ಯಾಹ್ನ 3.30ಕ್ಕೆ ಹೊರಡುತ್ತವೆ, ಕತ್ತಲಾದ ಮೇಲೆ ಯಾವ ಬಸ್ಸೂ ಘಾಟಿ ಇಳಿಯಬಾರದು ಎಂಬುದು ನಮ್ಮ ತೀರ್ಮಾನ.

ಹೋಂಸ್ಟೇಗೆ ಕೊಟ್ಟ ಮುಂಗಡ ಹೊಸ ದಿನಾಂಕಕ್ಕೆ ವರ್ಗಾವಣೆಯಾಗಲಿದೆ. ಸ್ವಂತ ಖರ್ಚಿನಲ್ಲಿ ಟಿಕೆಟ್ ಕಾಯ್ದಿರಿಸಿದ್ದವರು ಅದನ್ನು ರದ್ದುಪಡಿಸಿ, ಕಡಿತವಾದ ಮೊತ್ತದ ರಸೀದಿಯನ್ನು ಜುಲೈ 31ರೊಳಗೆ ಲೆಕ್ಕಪತ್ರ ವಿಭಾಗಕ್ಕೆ ಕೊಟ್ಟರೆ ಆ ಹಣವನ್ನು ಸಂಸ್ಥೆಯೇ ಭರಿಸುತ್ತದೆ. ಶನಿವಾರದ ರಜೆ ಹಾಗೆಯೇ ಇರುತ್ತದೆ, ಯಾರೂ ಕಚೇರಿಗೆ ಬರಬೇಕಾಗಿಲ್ಲ.

ಆಟಕ್ಕೆಂದು ತಿಂಗಳಿನಿಂದ ತಂಡ ಕಟ್ಟಿಕೊಂಡು ತಯಾರಾಗಿದ್ದವರಿಗೆ ಆಗಿರುವ ನಿರಾಸೆಗೆ ವಿಷಾದಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಆಡಳಿತ ವ್ಯವಸ್ಥಾಪಕರು